ಆಲ್ಬಂನಿಂದ ನೆಂಟರನ್ನು ತೆಗೆಯಿರಿ ಅಂತ ಪತ್ರ ಬಂದರೆ ಹುಷಾರು

ದಾವಣಗೆರೆ, ಹರಿಹರ ಕಡೆ ಮದುವೆ ಫೋಟೋ ತೆಗೆಯುವ ಗೆಳೆಯರೇ, ‘ಇವರನ್ನು ಫೋಟೋದಿಂದ ತೆಗೆದುಬಿಡಿ’ ಅಂತ ಮನೆಯ ಯಜಮಾನರು ಬರೆದುಕೊಟ್ಟರೆ, ಅವರೊಬ್ಬರ ಸಹಿ ನಂಬಿ ಕೆಲಸ ಶುರು ಮಾಡಬೇಡಿ. ನನಗೆ ಬಂದ ಪತ್ರ ಹೀಗಿತ್ತು:

“ಫೋಟೋಗ್ರಾಫರ್ ಅವರಿಗೆ ನಮಸ್ಕಾರ. ಮಗಳ ಮದುವೆ ಫೋಟೋ ಚೆನ್ನಾಗಿ ಬಂದಿವೆ. ಆದರೆ ಗಿಳಿಹಸಿರು ಜುಬ್ಬಾ ಹಾಕಿ ಮೊಬೈಲ್ ಹಿಡಿದವರು ಎಲ್ಲದರಲ್ಲೂ ಅಡ್ಡ ಬಂದಿದ್ದಾರೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ದಯವಿಟ್ಟು ಅವರನ್ನು ಎಲ್ಲಾ ಫೋಟೋಗಳಿಂದ ತೆಗೆದು ಆಲ್ಬಂ ಮಾಡಿಕೊಡಿ. ಖರ್ಚು ನಾನು ಕೊಡುತ್ತೇನೆ.”

ದೂರು ಸುಳ್ಳೇನಲ್ಲ. ಆ ಮನುಷ್ಯ ಮೊಬೈಲ್ ಲೈಟ್ ಹಾಕಿಕೊಂಡೇ ಮಂಟಪದೊಳಗೆ ಓಡಾಡುತ್ತಿದ್ದರು. ಮಾಂಗಲ್ಯಧಾರಣೆ ಹೊತ್ತಿಗೆ ಆ ಬೆಳಕು ಹುಡುಗಿಯ ಕೆನ್ನೆ ಮೇಲೆ ಬಿಳಿ ಮಚ್ಚೆ ಹಾಗೆ ಬಿದ್ದಿತ್ತು. ಆದರೆ ಅವರು ಹುಡುಗಿಯ ಸೋದರಮಾವ. ಅವಳ ಕೈ ಹಿಡಿದು ಮಂಟಪಕ್ಕೆ ಕರೆತಂದವರು ಅವರೇ. ಫೋನ್ ಮಾಡಿ ಕೇಳಿದೆ: “ಸರ್, ಅವರು ನಿಮ್ಮ ಬಾಮೈದ ಅಲ್ವಾ? ಮನೆಯಲ್ಲಿ ಎಲ್ಲರಿಗೂ ಗೊತ್ತಿದೆಯಾ?” “ದುಡ್ಡು ಕೊಡೋನು ನಾನು ಕಣ್ರೀ, ನೀವು ತೆಗೀರಿ” ಅಂದರು. ಮದುವೆ ಮುಗಿದ ಮೇಲೆ ಇಬ್ಬರಿಗೂ ಜಗಳ ಆಗಿತ್ತಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಜನ ಇದನ್ನು ರಬ್ಬರ್‌ನಲ್ಲಿ ಒರೆಸುವ ಕೆಲಸ ಅಂದುಕೊಂಡಿದ್ದಾರೆ. ಅಂಚಿನಲ್ಲಿ ನಿಂತವರಾದರೆ ಕ್ರಾಪ್ ಮಾಡಿದರೆ ಮುಗಿಯಿತು. ಹಿಂದೆ ಬರೀ ಹೂವಿನ ಅಲಂಕಾರ ಇದ್ದರೆ ಫೋಟೋಶಾಪ್‌ನಲ್ಲಿ ಪಕ್ಕದ ಹೂವನ್ನೇ ಕ್ಲೋನ್ ಮಾಡಿ ತುಂಬಬಹುದು. ಹಿಂದೆ ಜನ ಇದ್ದರೆ ಕಷ್ಟ. ಅವರು ಮರೆಮಾಡಿದ ಮುಖವನ್ನು ನಾವು ಹುಟ್ಟಿಸೋಕೆ ಆಗಲ್ಲ. ಅವರು ಪಕ್ಕಕ್ಕೆ ಸರಿದಾಗ ಅದೇ ಜಾಗದಿಂದ ಹೊಡೆದ ಇನ್ನೊಂದು ಫೋಟೋ ಹುಡುಕಿ, ಅಲ್ಲಿಂದ ಆ ಭಾಗ ತಂದು ಕೂರಿಸಬೇಕು. ಕ್ಯಾಮೆರಾ ಕೈಯಲ್ಲಿರುತ್ತದೆ, ಕೋನ ಸ್ವಲ್ಪ ಬದಲಾದರೂ ಮಂಟಪದ ಕಂಬ ಸೊಟ್ಟಗಾಗುತ್ತದೆ.

ಅಷ್ಟಾದರೂ ಮನುಷ್ಯ ಪೂರ್ತಿ ಹೋಗುವುದಿಲ್ಲ. ಗಿಳಿಹಸಿರು ಬಟ್ಟೆಯ ಬಣ್ಣ ಪಕ್ಕದವರ ಮೇಲೆ ಬಿದ್ದಿರುತ್ತದೆ. ಹುಡುಗಿಯ ಮೊಣಕೈ, ಬಿಳಿ ರೇಷ್ಮೆ ಸೀರೆಯ ಮಡಿಕೆ, ಬೆಳ್ಳಿ ಕಲಶ ಎಲ್ಲದರಲ್ಲೂ ಹಸಿರು ಛಾಯೆ. ಅದನ್ನು ಒಂದೊಂದಾಗಿ ತಿದ್ದಬೇಕು. ನೆಲದ ನೆರಳು ಬೇರೆ. ಕರೆತರುವ ಫೋಟೋದಲ್ಲಂತೂ ಅವರನ್ನು ತೆಗೆದರೆ ಹುಡುಗಿಯ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಹಾಗಂತ ಹೇಳಿದ್ದಕ್ಕೆ “ಆ ಫೋಟೋನೇ ಬೇಡ” ಅಂದರು. ವಿಡಿಯೋ ಮಾತ್ರ ಮುಟ್ಟಲ್ಲ ಅಂದೆ. ಅದರಲ್ಲಿ ಒಂದು ಸೆಕೆಂಡಿಗೆ 25 ಫ್ರೇಮ್ ಇರುತ್ತದೆ, ಯಾರು ಕೂತು ಅಳಿಸುತ್ತಾರೆ?

ಡಿಸೈನ್ ವಾಟ್ಸಾಪ್‌ನಲ್ಲಿ ಕಳಿಸಿದೆ. ಯಜಮಾನರು ‘ಓಕೆ’ ಅಂದರು. ಪ್ರಿಂಟ್ ಆಯಿತು.

ಆಲ್ಬಂ ಮನೆಗೆ ಹೋದ ಸಂಜೆಯೇ ಹುಡುಗಿಯ ತಾಯಿ ಫೋನ್ ಮಾಡಿದರು. “ನಮ್ಮ ತಮ್ಮ ಎಲ್ಲಪ್ಪಾ? ವಿಡಿಯೋದಲ್ಲಿ ಇದಾನೆ, ಆಲ್ಬಂನಲ್ಲಿ ಯಾಕಿಲ್ಲ?” ಅಂತ ಅಳು. ಮಗಳು ಬೆಂಗಳೂರಿಂದ ಫೋನ್ ಮಾಡಿ ಬೈದಳು. ಯಜಮಾನರು? “ಅವರು ಏನು ಮಾಡಿದಾರೋ ನಂಗೇನು ಗೊತ್ತು” ಅಂತ ಹೆಂಡತಿ ಮುಂದೆ ಜಾರಿಕೊಂಡರು. ಬಾಕಿ ದುಡ್ಡೂ ನಿಂತಿತು.

ಒಂದೆರಡು ಹಾಳೆ ಬದಲಿಸಿ ಕೊಡಿ ಅನ್ನುತ್ತಾರೆ. ಕರಿಜ್ಮಾ ಆಲ್ಬಂನಲ್ಲಿ ಅದು ಆಗುವುದಿಲ್ಲ. 12×36 ಇಂಚಿನ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಬೈಂಡ್ ಮಾಡಿರುತ್ತಾರೆ. ಒಂದನ್ನು ಕಿತ್ತರೆ ಅಕ್ಕಪಕ್ಕದವೂ ಹರಿಯುತ್ತವೆ. ಹೊಸದಾಗಿ ಇಡೀ ಆಲ್ಬಂ ಮಾಡಬೇಕು.

ನನ್ನನ್ನು ಉಳಿಸಿದ್ದು ಆ ಪತ್ರ. ಮನೆಗೇ ಹೋಗಿ, ಎಲ್ಲರೂ ಕೂತಿದ್ದಾಗ ಟೇಬಲ್ ಮೇಲಿಟ್ಟೆ. ಯಜಮಾನರ ಮರ್ಯಾದೆ ಹೋಯಿತು, ನಿಜ. ಆದರೆ ಅವರ ಮನೆ ಜಗಳಕ್ಕೆ ನಾನು ಯಾಕೆ ದಂಡ ಕಟ್ಟಲಿ? ಕೊನೆಗೆ ಎರಡನೇ ಆಲ್ಬಂನ ಲ್ಯಾಬ್ ಖರ್ಚು ಅವರೇ ಕೊಟ್ಟರು. ಮೂಲ ಫೈಲುಗಳನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದರಿಂದ ಮಾವನನ್ನು ವಾಪಸ್ ತರುವುದು ಸುಲಭವಾಯಿತು. ಮೊಬೈಲ್ ಲೈಟಿನ ಮಚ್ಚೆ ಮಾತ್ರ ತಿದ್ದಿದ್ದೇ ಉಳಿಸಿಕೊಂಡೆ, ಅದಕ್ಕೆ ಯಾರ ತಕರಾರೂ ಬರಲಿಲ್ಲ.

ಈಗ ಯಾರನ್ನಾದರೂ ತೆಗೆಯಿರಿ ಅಂದರೆ ಫೋಟೋ ನಂಬರ್ ಬರೆದುಕೊಡಿ ಅನ್ನುತ್ತೇನೆ. ‘ಎಲ್ಲಾ ಫೋಟೋ’ ಅನ್ನುವ ಪತ್ರ ತಗೊಳ್ಳುವುದಿಲ್ಲ. ಕೆಳಗೆ ಮದುಮಗಳದೋ ಮದುಮಗನದೋ ಸಹಿಯೂ ಬೇಕು. ಶಾಸ್ತ್ರದಲ್ಲಿ ಕೈ ಹಿಡಿದವರನ್ನು, ಅಕ್ಷತೆ ಹಾಕಿದವರನ್ನು ಮುಟ್ಟಲ್ಲ ಅಂತ ಬುಕಿಂಗ್ ಫಾರಂನಲ್ಲೇ ಸೇರಿಸಿದ್ದೇನೆ.