ಇನ್ಶೂರೆನ್ಸ್‌ನವರಿಗೆ ವಹಿವಾಟಿನ ಲೆಕ್ಕ: ಮೂರು ದಾರಿ, ಮೂರು ಮೊತ್ತ

ಮಂಡ್ಯದ ಹತ್ತಿರ ನಮ್ಮ ಬಾವನವರದ್ದೊಂದು ಬೆಲ್ಲದ ಪುಡಿ ಮಾಡುವ ಘಟಕ ಇದೆ. ಆಲೆಮನೆಗಳಿಂದ ಬೆಲ್ಲ ತಂದು, ಒಣಗಿಸಿ, ಪುಡಿ ಮಾಡಿ ಪ್ಯಾಕ್ ಮಾಡುತ್ತಾರೆ. ಸ್ವಲ್ಪ ಬೆಲ್ಲ ಲೂಸಾಗಿಯೂ ಹೋಗುತ್ತದೆ. ಲೆಕ್ಕಪತ್ರ ನನ್ನದು. ಅಮೆರಿಕಕ್ಕೆ ಮಾಲು ಕಳಿಸಲು ಶುರು ಮಾಡಿದಾಗ ಅಲ್ಲಿನ ಖರೀದಿದಾರರು ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಕೇಳಿದರು. ನಮ್ಮ ಪುಡಿ ತಿಂದು ಯಾರಿಗಾದರೂ ತೊಂದರೆಯಾಗಿ ಪರಿಹಾರ ಕೊಡಬೇಕಾಗಿ ಬಂದರೆ, ಆ ಹೊರೆ ಹೊರುವ ಪಾಲಿಸಿ ಅದು.

ಇದರ ಪ್ರೀಮಿಯಂ ವರ್ಷದ ಮಾರಾಟದ ಮೇಲೆ ನಿಲ್ಲುತ್ತದೆ. ವರ್ಷದ ಆರಂಭದಲ್ಲಿ ಅಂದಾಜು ಹೇಳಿ ಠೇವಣಿ ಪ್ರೀಮಿಯಂ ಕಟ್ಟಬೇಕು. ಪಾಲಿಸಿ ಮುಗಿದ ಮೇಲೆ ನಿಜವಾದ ಮೊತ್ತ ತಿಳಿಸಬೇಕು. ಜಾಸ್ತಿ ಮಾರಿದ್ದರೆ ಇನ್ನಷ್ಟು ಕಟ್ಟುತ್ತೇವೆ, ಕಮ್ಮಿ ಮಾರಿದ್ದರೆ ವಾಪಸ್ ಬರುತ್ತದೆ. ನಮ್ಮ ಪಾಲಿಸಿಯಲ್ಲಿ ಇದಕ್ಕೆ 60 ದಿನದ ಗಡುವು ಇದೆ. ದೇಶದೊಳಗಿನ ಮಾರಾಟಕ್ಕೆ ಸಾವಿರಕ್ಕೆ 1 ರೂಪಾಯಿ, ಅಮೆರಿಕದ ಮಾರಾಟಕ್ಕೆ ಸಾವಿರಕ್ಕೆ 5 ರೂಪಾಯಿ. ಈ ದರ, ಗಡುವು ಎಲ್ಲ ಪಾಲಿಸಿಯಿಂದ ಪಾಲಿಸಿಗೆ ಬೇರೆ. ಅಮೆರಿಕದ್ದು ಮಾತ್ರ ಸಾಮಾನ್ಯವಾಗಿ ದುಬಾರಿಯೇ, ಅಲ್ಲಿ ಕೋರ್ಟು ಖರ್ಚು ಅಂಥದ್ದು.

ಮೂರು ವರ್ಷ ಮೂರು ಥರ ಲೆಕ್ಕ ಕಳಿಸಿದೆ. ಮೊದಲ ವರ್ಷ ಲಾಭ-ನಷ್ಟದ ಪಟ್ಟಿ, ಎರಡನೇ ವರ್ಷ ಜಿಎಸ್‌ಟಿ ರಿಟರ್ನ್, ಮೂರನೇ ವರ್ಷ ಮಾರಾಟದ ರಿಜಿಸ್ಟರ್. ಕೊನೆಗೆ ಮೂರನೇ ವರ್ಷದ ಲೆಕ್ಕವನ್ನೇ ಮೂರೂ ದಾರಿಯಲ್ಲಿ ಹಾಕಿ ನೋಡಿದೆ. ಪಾಲಿಸಿ 2024ರ ಜುಲೈ 1ರಿಂದ 2025ರ ಜೂನ್ 30ರವರೆಗಿನದು. ಅಂದಾಜು ಹೇಳಿದ್ದು ದೇಶದೊಳಗೆ 3 ಕೋಟಿ, ಅಮೆರಿಕಕ್ಕೆ 40 ಲಕ್ಷ. ಹಾಗಾಗಿ ಠೇವಣಿ 30,000 ಮತ್ತು 20,000, ಒಟ್ಟು 50,000 ರೂಪಾಯಿ. ಜಿಎಸ್‌ಟಿ ಬೇರೆ.

ಲಾಭ-ನಷ್ಟದ ಪಟ್ಟಿ ಎಲ್ಲಕ್ಕಿಂತ ಸುಲಭ. ಆಡಿಟರ್ ಕೊಟ್ಟ ಹಾಳೆ, ಒಂದೇ ಸಾಲು, ಕಳಿಸಿದರೆ ಆಯಿತು. ಆದರೆ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ, ಪಾಲಿಸಿಯ ವರ್ಷವೇ ಬೇರೆ. 2024-25ರ ಪಟ್ಟಿಯಲ್ಲಿ ಒಟ್ಟು ಮಾರಾಟ 3 ಕೋಟಿ 52 ಲಕ್ಷ ಇತ್ತು. ಅದರಲ್ಲಿ ಅಮೆರಿಕದ್ದು 38 ಲಕ್ಷ ಮಾತ್ರ, ಯಾಕೆಂದರೆ ದೊಡ್ಡ ಕಂಟೇನರುಗಳು ಹೊರಟಿದ್ದು 2025ರ ಏಪ್ರಿಲ್, ಮೇ ತಿಂಗಳಲ್ಲಿ. ಅವು ಪಾಲಿಸಿ ವರ್ಷದೊಳಗೆ ಬರುತ್ತವೆ, ಈ ಪಟ್ಟಿಯೊಳಗೆ ಬರುವುದಿಲ್ಲ. ಹೀಗೆ ಹಾಕಿದರೆ ಪ್ರೀಮಿಯಂ 31,400 ಮತ್ತು 19,000, ಒಟ್ಟು 50,400. ಇನ್ನು 400 ರೂಪಾಯಿ ಕಟ್ಟಿದರೆ ಮುಗಿಯಿತು ಅನ್ನಿಸುತ್ತದೆ. ನಿಜ ಹಾಗಿರಲಿಲ್ಲ. ಜೊತೆಗೆ ಆ ಪಟ್ಟಿಯಲ್ಲಿ ದೇಶ-ವಿದೇಶ ಅಂತ ಬೇರೆ ಮಾಡಿರುವುದಿಲ್ಲ. ಮೊದಲ ವರ್ಷ ನಾನು ಒಂದೇ ಮೊತ್ತ ಕಳಿಸಿದಾಗ ಕಾಗದ ವಾಪಸ್ ಬಂತು. ಬೇರೆ ಮಾಡಿ ಕೊಡದಿದ್ದರೆ ಪೂರ್ತಿ ಮೊತ್ತಕ್ಕೆ ದೊಡ್ಡ ದರ ಹಾಕುತ್ತೇವೆ ಎಂದು ಬರೆದಿದ್ದರು.

ಎರಡನೇ ವರ್ಷ ಜಾಣ ಆಗಲು ಹೋದೆ. ತಿಂಗಳು ತಿಂಗಳಿನ ಜಿಎಸ್‌ಟಿಆರ್-3ಬಿ ಇದೆಯಲ್ಲ, ಜುಲೈನಿಂದ ಜೂನ್‌ವರೆಗೆ 12 ರಿಟರ್ನ್ ಕೂಡಿದರೆ ಪಾಲಿಸಿ ವರ್ಷಕ್ಕೆ ಸರಿಹೊಂದುತ್ತದೆ. ಸರ್ಕಾರಕ್ಕೆ ಕೊಟ್ಟ ಲೆಕ್ಕ, ಯಾರೂ ಅನುಮಾನ ಪಡುವುದಿಲ್ಲ. ಜೂನ್ ತಿಂಗಳದ್ದು ಜುಲೈ 20ಕ್ಕೆ ಕೈಗೆ ಬರುತ್ತದೆ, ಗಡುವಿಗೂ ತೊಂದರೆ ಇಲ್ಲ. ಇಷ್ಟೆಲ್ಲ ಸರಿ. ನಾನು ಎಡವಿದ್ದು ಸಾಲುಗಳಲ್ಲಿ.

3.1(a) ಸಾಲಿನಲ್ಲಿ ತೆರಿಗೆ ಇರುವ ಮಾರಾಟ ಮಾತ್ರ ಇರುತ್ತದೆ. ರಫ್ತು 3.1(b)ಯಲ್ಲಿ, ತೆರಿಗೆ ಇಲ್ಲದ್ದು 3.1(c)ಯಲ್ಲಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ನಮ್ಮ ಪುಡಿಗೆ ತೆರಿಗೆ ಇದೆ, ಲೂಸ್ ಬೆಲ್ಲಕ್ಕೆ ಇಲ್ಲ. ನಾನು ಮೊದಲ ಎರಡನ್ನು ಕೂಡಿ ಸುಮ್ನೆ ಕಳಿಸಿಬಿಟ್ಟೆ. ಲೂಸ್ ಬೆಲ್ಲ ಪೂರ್ತಿ ಬಿಟ್ಟೇ ಹೋಯಿತು! ಆಮೇಲೆ ಗೊತ್ತಾಗಿ ತಿದ್ದಿದ ಪತ್ರ ಕೊಟ್ಟೆವು.

ಇನ್ನೊಂದು ಕಡೆ, ಮಾರಾಟವೇ ಅಲ್ಲದ್ದೂ 3.1(a)ಯೊಳಗೆ ಬಂದು ಕೂತಿರುತ್ತದೆ. ಚೆನ್ನೈನಲ್ಲಿ ನಮಗೆ ಗೋಡೌನ್ ಇದೆ, ಅಲ್ಲಿ ಬೇರೆ ಜಿಎಸ್‌ಟಿ ನಂಬರು. ಮಂಡ್ಯದಿಂದ ಅಲ್ಲಿಗೆ ನಮ್ಮದೇ ಮಾಲು ಕಳಿಸಿದರೂ ಜಿಎಸ್‌ಟಿ ಲೆಕ್ಕದಲ್ಲಿ ಅದು ಪೂರೈಕೆ. ಅಲ್ಲಿಂದ ಗಿರಾಕಿಗೆ ಹೋದಾಗ ಮತ್ತೊಮ್ಮೆ ಬರುತ್ತದೆ. ಎರಡೂ ನಂಬರಿನ ರಿಟರ್ನ್ ಕೂಡಿದರೆ ಒಂದೇ ಮಾಲು ಎರಡು ಸಲ. ಹಳೇ ಪುಡಿ ಮಿಷನ್ ಮಾರಿದ್ದೂ ಅದೇ ಸಾಲಿನಲ್ಲಿ. ಮಿಷನ್‌ನಿಂದ ಯಾರಿಗೂ ಹೊಟ್ಟೆನೋವು ಬರುವುದಿಲ್ಲ ಅಲ್ವಾ, ಅದಕ್ಕೆ ಯಾಕೆ ಪ್ರೀಮಿಯಂ ಕಟ್ಟಬೇಕು?

2024-25ರ ಪಾಲಿಸಿಗೆ ಹಾಕಿ ನೋಡಿದರೆ ಹೀಗಿದೆ. ಎರಡೂ ನಂಬರಿನ 3.1(a) ಒಟ್ಟು 2 ಕೋಟಿ 42 ಲಕ್ಷ. ಅದರಲ್ಲಿ ಗೋಡೌನಿಗೆ ಕಳಿಸಿದ್ದು 26 ಲಕ್ಷ, ಮಿಷನ್ 6 ಲಕ್ಷ. ಲೂಸ್ ಬೆಲ್ಲ 1 ಕೋಟಿ 20 ಲಕ್ಷ, ಅಮೆರಿಕಕ್ಕೆ ಹೋದದ್ದು 64 ಲಕ್ಷ. ಲೂಸ್ ಮರೆತರೆ ಪ್ರೀಮಿಯಂ 56,200. ಎಲ್ಲವನ್ನೂ ಕಣ್ಣು ಮುಚ್ಚಿ ಕೂಡಿದರೆ 68,200. ಒಂದೇ ರಿಟರ್ನ್, ನಡುವೆ 12,000 ರೂಪಾಯಿ ವ್ಯತ್ಯಾಸ.

ಮೂರನೆಯದು ನಾವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಮಾರಾಟದ ರಿಜಿಸ್ಟರ್. Sales Register ತೆರೆದು Alt+F2 ಒತ್ತಿ ಪಾಲಿಸಿಯ ತಾರೀಖು ಕೊಟ್ಟರೆ ಸಾಕು. ಕೆಲಸ ಇರುವುದು ಅದಕ್ಕೂ ಮುಂಚೆ. ನಾನು ಪ್ಯಾಕ್ ಮಾಡಿದ್ದು, ಲೂಸ್, ಅಮೆರಿಕ ಅಂತ ಬೇರೆ ಬೇರೆ ಲೆಡ್ಜರ್ ಮಾಡಿಟ್ಟೆ. ಗೋಡೌನಿಗೆ ಕಳಿಸಿದ್ದಕ್ಕೆ ಇನ್ನೊಂದು ಲೆಡ್ಜರ್. ಮಾರಾಟ ವಾಪಸಾತಿಯನ್ನು ಕಳೆದೆ. ಮೊತ್ತ ಜಿಎಸ್‌ಟಿ ಬಿಟ್ಟೇ ಇರಬೇಕು, ಹಾಗಾಗಿ ಈ ಲೆಡ್ಜರ್‌ಗಳ ಮೊತ್ತವನ್ನೇ ಹಿಡಿದೆ. ಗಿರಾಕಿಗಳ ಬಾಕಿ ಪಟ್ಟಿಯಿಂದ ತೆಗೆದರೆ ತೆರಿಗೆ ಸೇರಿಯೇ ಬರುತ್ತದೆ, ಅದನ್ನು ಮುಟ್ಟಬೇಡಿ.

ಬಂದ ಲೆಕ್ಕ: ದೇಶದೊಳಗೆ 3 ಕೋಟಿ 30 ಲಕ್ಷ, ಅಮೆರಿಕಕ್ಕೆ 64 ಲಕ್ಷ. ಪ್ರೀಮಿಯಂ 33,000 ಮತ್ತು 32,000, ಒಟ್ಟು 65,000. ಠೇವಣಿ ಕಳೆದು 15,000, ಅದಕ್ಕೆ 18% ಜಿಎಸ್‌ಟಿ 2,700 ಸೇರಿ ಕಟ್ಟಬೇಕಾದ್ದು 17,700.

ಬಾವ ಗೊಣಗಿದರು. "ಅಲ್ಲ ಕಣಪ್ಪ, ಆಡಿಟರ್ ಹಾಳೆ ಕಳಿಸಿದ್ರೆ 400 ರೂಪಾಯಿಗೆ ಮುಗೀತಿತ್ತು. ಅವ್ರೇನು ಬಂದು ಲೆಕ್ಕ ನೋಡ್ತಾರಾ?"

"ಪುಸ್ತಕ ನೋಡೋ ಹಕ್ಕು ಪಾಲಿಸಿಯಲ್ಲೇ ಬರೆದಿದೆ ಬಾವ. ಸುಮ್ನಿದ್ದಾಗ ಬರಲ್ಲ, ಕ್ಲೇಮ್ ಹಾಕಿದ ದಿನ ಬರ್ತಾರೆ" ಅಂದೆ. ಅಮೆರಿಕದಿಂದ ಕೇಸು ಬಂದಾಗ 64 ಲಕ್ಷದ ಮಾಲನ್ನು 38 ಲಕ್ಷ ಎಂದು ಹೇಳಿದ್ದು ಸಿಕ್ಕಿಬಿದ್ದರೆ ಜಗಳ ಶುರು.

ಹಾಗಂತ ಜಿಎಸ್‌ಟಿ ರಿಟರ್ನ್ ಬಿಸಾಕಿಲ್ಲ. ರಿಜಿಸ್ಟರ್ ಮೊತ್ತಕ್ಕೆ 26 ಲಕ್ಷ ಮತ್ತು 6 ಲಕ್ಷ ಸೇರಿಸಿದರೆ ಎರಡೂ ನಂಬರಿನ ರಿಟರ್ನ್ ಮೊತ್ತಕ್ಕೆ ತಾಳೆಯಾಗಬೇಕು. ನಮ್ಮದು 4 ಕೋಟಿ 26 ಲಕ್ಷಕ್ಕೆ ಸರಿಯಾಗಿ ಬಂತು. ಈ ತಾಳೆಪಟ್ಟಿಯನ್ನೂ ಜೊತೆಗಿಟ್ಟು ಸಿಎ ಹತ್ತಿರ ಪ್ರಮಾಣಪತ್ರ ಮಾಡಿಸಿ, ಅದು ಅಸಲಿ ಎಂದು ಪರಿಶೀಲಿಸಲು ಬರುವ ಯುಡಿಐಎನ್ ನಂಬರು ಹಾಕಿಸಿ ಕಳಿಸಿದೆ. ಸಿಎ ಫೀಸು ಹೆಚ್ಚುವರಿ ಖರ್ಚು, ನಿಜ. ಆದರೆ ಆ ಸಲ ಒಂದು ಪ್ರಶ್ನೆಯೂ ಬರಲಿಲ್ಲ. ವ್ಯಾಪಾರ ಒಂದೇ ಊರಿನಲ್ಲಿ, ರಫ್ತು ಇಲ್ಲ, ಪಾಲಿಸಿಯೂ ಏಪ್ರಿಲ್‌ಗೇ ಶುರು ಅನ್ನುವವರಿಗೆ ಲಾಭ-ನಷ್ಟದ ಪಟ್ಟಿಯ ವರ್ಷ ಸರಿಹೊಂದುತ್ತದೆ. ಆಡಿಟ್ ಗಡುವಿನೊಳಗೆ ಮುಗಿದರೆ ಅದೇ ಸಾಕು.

ಈ ಸಲ ನವೀಕರಣದ ಅಂದಾಜಿಗೆ ಬಾವ 5 ಕೋಟಿ ಅಂದರು, ಹುರುಪಿನಲ್ಲಿ. ನಾನು ಒಪ್ಪಲಿಲ್ಲ. ನಮ್ಮ ಪಾಲಿಸಿಯಲ್ಲಿ ವಾಪಸ್ ಎಷ್ಟೇ ಬಂದರೂ ಠೇವಣಿಯ 75% ಅವರಲ್ಲೇ ಉಳಿಯುತ್ತದೆ. ದೇಶದೊಳಗಿನದ್ದೇ 5 ಕೋಟಿ ಎಂದು 50,000 ಕಟ್ಟಿ, ಮಾರಿದ್ದು 3 ಕೋಟಿ ಆದರೆ, ಲೆಕ್ಕಕ್ಕೆ 20,000 ವಾಪಸ್ ಬರಬೇಕು. ಬರುವುದು 12,500 ಮಾತ್ರ. ಅಂದಾಜು ಕಮ್ಮಿ ಆಗಿದ್ದರೆ ಮಿಕ್ಕಿದ್ದನ್ನು ಆಮೇಲೆ ಕಟ್ಟಿದರಾಯಿತು. ಕೊನೆಗೆ ಹೋದ ವರ್ಷದ ಮೊತ್ತವನ್ನೇ ಬರೆದೆವು.