ತೆಳು ಫೋನಿಗೆ ಮರುಳಾಗಬೇಡಿ: ನನ್ನ 48,000 ರೂಪಾಯಿ ಏಳೇ ತಿಂಗಳಿಗೆ ಬಾಗಿ ಕೂತಿದೆ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ನಿನ್ನೆ ನನ್ನ ಭಾವಮೈದ ಇಂಥದ್ದೇ ಇನ್ನೊಂದು ತೆಳು ಫೋನಿನ ಫೋಟೊ ಕಳಿಸಿ, "ಭಾವ, ತೊಗೊಳ್ಳಲಾ? ಮಸ್ತ್ ಅದ" ಎಂದು ಕೇಳಿದ. ಮಸ್ತ್ ಅದ. ನಾನೂ ಅದನ್ನೇ ಹೇಳಿದ್ದೆ.

ನಾನು ರಾಯಚೂರಿನಲ್ಲಿ ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿ ನೋಡಿ ನಷ್ಟ ಎಷ್ಟು ಎಂದು ಬರೆದುಕೊಡುವ ಕೆಲಸ. ಒಂದು ಗಾಡಿಗೆ ನಲವತ್ತು ಐವತ್ತು ಫೋಟೊ, ಚೇಸಿಸ್ ನಂಬರ್, ಸುತ್ತಲೂ ಒಂದು ವಿಡಿಯೊ. ಎಲ್ಲವನ್ನೂ ನಿಂತ ಜಾಗದಿಂದಲೇ ಅಪ್‌ಲೋಡ್ ಮಾಡಬೇಕು. ಫೋನ್ ನನಗೆ ಶೋಕಿ ಅಲ್ಲ, ಪಾನಾ ಸ್ಕ್ರೂಡ್ರೈವರ್ ಇದ್ದ ಹಾಗೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಹಳೆಯ ಫೋನ್ 8.6 ಮಿಲಿಮೀಟರ್ ದಪ್ಪ, 5,000 ಎಂಎಎಚ್ ಬ್ಯಾಟರಿ. ನಾಲ್ಕು ವರ್ಷ ದುಡಿಯಿತು. ಅಕ್ಟೋಬರ್‌ನಲ್ಲಿ ಅಂಗಡಿಗೆ ಹೋಗಿದ್ದು ಅದರ ಗಾಜು ಬದಲಿಸಲು, ಅಷ್ಟೇ. ಅಂಗಡಿಯ ಹುಡುಗ ಹೊಸದೊಂದನ್ನು ಅಂಗೈ ಮೇಲಿಟ್ಟು, "ಹಿಡಿದು ನೋಡ್ರಿ ಸರ್, ಇದ್ದದ್ದೇ ಗೊತ್ತಾಗಂಗಿಲ್ಲ" ಎಂದ. ನಿಜಕ್ಕೂ ಗೊತ್ತಾಗಲಿಲ್ಲ. 5.9 ಮಿಲಿಮೀಟರ್. ಅಂಗಿ ಜೇಬಿಗೆ ಹಾಕಿದರೆ ಜೇಬು ಜೋಲುತ್ತಿರಲಿಲ್ಲ. ಬ್ಯಾಟರಿ ಎಷ್ಟು ಎಂದು ಕೇಳಿದೆ. "4,200 ಸರ್, ಆದ್ರ ಚಿಪ್ ಹೊಸದು, ಅಷ್ಟು ತಿನ್ನಂಗಿಲ್ಲ." ತಲೆಯಾಡಿಸಿದೆ. ಹದಿನೆಂಟು ಕಂತಿನ ಇಎಂಐಗೆ ಸಹಿ ಹಾಕಿ ಬಂದೆ.

ಮೊದಲ ವಾರದಲ್ಲೇ ಗೊತ್ತಾಯಿತು. ಮಧ್ಯಾಹ್ನ ಮೂರಕ್ಕೆ 15 ಪರ್ಸೆಂಟ್. ಒಂದು ಪವರ್ ಬ್ಯಾಂಕ್ ತಂದೆ. ಅದನ್ನು ವೈರ್ ಸಮೇತ ಹೊತ್ತುಕೊಂಡು ತಿರುಗುವುದು ನೋಡಿ ಮನೆಯವಳು, "ಫೋನಿಗಿಂತ ಅದರ ಊಟದ ಡಬ್ಬಿನೇ ದೊಡ್ಡದು ಅದಲ್ರೀ" ಎಂದಳು.

ಒಂದು ಸಂಜೆ ಸಿಟ್ಟಿಗೆ ಬ್ಯಾಗಿನಲ್ಲಿದ್ದ ವರ್ನಿಯರ್ ತೆಗೆದು ಅಳೆದೆ. ತೆಳು ಜಾಗದಲ್ಲಿ 5.9, ಸುಳ್ಳು ಹೇಳಿಲ್ಲ. ಕ್ಯಾಮೆರಾ ಉಬ್ಬಿನ ಮೇಲೆ ಅಳೆದೆ. 10.7. ಕಂಪನಿಗಳು ದಪ್ಪ ಎಂದು ಬರೆಯುವುದು ಈ ಉಬ್ಬನ್ನು ಬಿಟ್ಟು! ಲೆನ್ಸಿಗೆ ಜಾಗ ಬೇಕೇ ಬೇಕು, ಅದನ್ನು ತೆಳು ಮಾಡಲು ಆಗುವುದಿಲ್ಲ. ಮುಂದಿನ ಗಾಜು, ಪರದೆ, ಹಿಂದಿನ ಗಾಜು, ಇವೂ ಅಷ್ಟಾಗಿ ತೆಳುವಾಗುವುದಿಲ್ಲ. ಹಾಗಾದರೆ ಕತ್ತರಿ ಎಲ್ಲಿ ಬೀಳುತ್ತದೆ? ಬ್ಯಾಟರಿ ಮೇಲೆ. ಸ್ಯಾಮ್‌ಸಂಗ್ 2025ರಲ್ಲಿ ಬಿಟ್ಟ ಎರಡು ಫೋನ್ ನೋಡಿ, ಎರಡಕ್ಕೂ 6.7 ಇಂಚಿನ ಪರದೆ. ಎಸ್25 ಪ್ಲಸ್ 7.3 ಮಿಲಿಮೀಟರ್, ಬ್ಯಾಟರಿ 4,900. ಎಸ್25 ಎಡ್ಜ್ 5.8 ಮಿಲಿಮೀಟರ್, ಬ್ಯಾಟರಿ 3,900. ಒಂದೂವರೆ ಮಿಲಿಮೀಟರ್‌ಗೆ ಒಂದು ಸಾವಿರ ಹೋಯಿತು. ಅದೇ ವರ್ಷ ಆಪಲ್ 5.6 ಮಿಲಿಮೀಟರ್‌ನ ಐಫೋನ್ ಏರ್ ತಂದಿತು. ಅದರ ಜೊತೆಯಲ್ಲೇ ಬೆನ್ನಿಗೆ ಅಂಟಿಸುವ ಬ್ಯಾಟರಿಯನ್ನೂ ಮಾರಾಟಕ್ಕಿಟ್ಟಿತು. ತೆಳು ಮಾಡುವವರೂ ಅವರೇ, ದಪ್ಪ ಮಾಡುವವರೂ ಅವರೇ. (ನನ್ನದು ಈ ಎರಡೂ ಅಲ್ಲ. ಹೆಸರು ಹೇಳುವುದಿಲ್ಲ, ಕೇಳಬೇಡಿ.)

ಬ್ಯಾಟರಿ ಚಿಕ್ಕದಾದರೆ ಸಂಜೆ ಬೇಗ ಖಾಲಿ, ಅಷ್ಟೇ ಅಲ್ವಾ ಎಂದುಕೊಂಡಿದ್ದೆ. ಅಷ್ಟೇ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಮಾಹಿತಿ ತೆಗೆದು ನೋಡಿದೆ, ಏಳು ತಿಂಗಳಿಗೆ 268 ಸೈಕಲ್. ಒಂದು ಸೈಕಲ್ ಎಂದರೆ ನೂರಕ್ಕೆ ನೂರು ಪರ್ಸೆಂಟ್ ಖರ್ಚು, ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ನನ್ನದು ದಿನಕ್ಕೆ ಒಂದೂಕಾಲು ಸೈಕಲ್. ಅದೇ ಕೆಲಸವನ್ನು 5,000ದ ಬ್ಯಾಟರಿ ಸುಮಾರು ಒಂದು ಸೈಕಲ್‌ನಲ್ಲಿ ಮುಗಿಸುತ್ತಿತ್ತು. ಎಷ್ಟೋ ಕಂಪನಿಗಳು 800 ಸೈಕಲ್ ಆದಮೇಲೆ 80 ಪರ್ಸೆಂಟ್ ಶಕ್ತಿ ಉಳಿಯುತ್ತದೆ ಎನ್ನುತ್ತವೆ. ನನ್ನ ಲೆಕ್ಕಕ್ಕೆ 800 ಎಂದರೆ ಇಪ್ಪತ್ತೊಂದು ತಿಂಗಳು. ಇಎಂಐ ಮುಗಿದು ಮೂರು ತಿಂಗಳಿಗೆ! ಅಂದರೆ ಚಿಕ್ಕ ಬ್ಯಾಟರಿ ದಿನವೂ ಬೇಗ ಸುಸ್ತಾಗುತ್ತದೆ, ಮುದಿಯೂ ಬೇಗ ಆಗುತ್ತದೆ.

ಆಮೇಲೆ ಏಪ್ರಿಲ್ ಬಂತು. ರಾಯಚೂರಿನ ಏಪ್ರಿಲ್ ಗೊತ್ತಿದ್ದವರಿಗೆ ಹೇಳುವುದು ಬೇಡ. ಲಿಂಗಸುಗೂರು ರಸ್ತೆಯಲ್ಲಿ ಒಂದು ಟಿಪ್ಪರ್ ಮಗುಚಿತ್ತು. ದಾರಿಯುದ್ದಕ್ಕೂ ಫೋನ್ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಮ್ಯಾಪ್ ಆನ್, ಚಾರ್ಜರ್ ಹಾಕಿದ್ದು. ಇಳಿದು ವಿಡಿಯೊ ಶುರು ಮಾಡಿದೆ. ನಾಲ್ಕನೇ ನಿಮಿಷಕ್ಕೆ ಪರದೆ ತಾನಾಗಿಯೇ ಮಂಕಾಯಿತು. ಬಿಸಿಲಲ್ಲಿ ಏನೂ ಕಾಣುವುದಿಲ್ಲ, ನಾನು ಬೆಳಕು ಹೆಚ್ಚಿಸುತ್ತೇನೆ, ಅದು ಇಳಿಸುತ್ತದೆ. ಆಮೇಲೆ ಕ್ಯಾಮೆರಾನೇ ಬಂದ್. ಫೋನ್ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ ಎಂಬ ಸಂದೇಶ. ಟಿಪ್ಪರ್ ಮಾಲೀಕ, ಪೊಲೀಸಪ್ಪ, ಕ್ರೇನಿನವನು, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ನಾನು ಕಾರಿನ ಎಸಿ ಮುಂದೆ ಫೋನ್ ಹಿಡಿದು ಮಗುವಿಗೆ ಗಾಳಿ ಹಾಕಿದ ಹಾಗೆ ನಿಂತಿದ್ದೇನೆ. ಕೊನೆಗೆ ಕ್ರೇನಿನವನ ಫೋನಿನಲ್ಲಿ ಫೋಟೊ ತೆಗೆದೆ. ಅವನದು ದಪ್ಪ ಫೋನ್, ಗಾಜು ಒಡೆದಿತ್ತು, ಕೆಲಸ ಮಾಡಿತು.

ಕಾರಣ ಸರಳ. ಫೋನಿನಲ್ಲಿ ಫ್ಯಾನ್ ಇಲ್ಲ. ಚಿಪ್ಪಿನ ಶಾಖವನ್ನು ಒಳಗಿನ ಗ್ರಾಫೈಟ್ ಹಾಳೆ, ವೇಪರ್ ಚೇಂಬರ್ ಎಂಬ ತೆಳು ತಗಡಿನ ಡಬ್ಬಿ ಇಡೀ ಮೈಗೆ ಹರಡುತ್ತವೆ, ಮೈ ಗಾಳಿಗೆ ಬಿಡುತ್ತದೆ. ದಪ್ಪ ಮೈ ಸ್ವಲ್ಪ ಹೊತ್ತು ಶಾಖವನ್ನು ತಡೆದು ಇಟ್ಟುಕೊಳ್ಳುತ್ತದೆ, ದಪ್ಪ ತಳದ ಪಾತ್ರೆಯ ಹಾಗೆ. ತೆಳು ಮೈ ಒಗ್ಗರಣೆ ಸೌಟಿನ ಹಾಗೆ, ಇಟ್ಟ ತಕ್ಷಣ ಕಾಯುತ್ತದೆ. ಕಾದರೆ ಚಿಪ್ ತನ್ನ ವೇಗ ಇಳಿಸುತ್ತದೆ, ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ಆ ದಿನ ಒಂದೂವರೆ ಗಂಟೆ ಚಾರ್ಜರ್‌ಗೆ ಹಾಕಿದ್ದೆ, ಏರಿದ್ದು 6 ಪರ್ಸೆಂಟ್. ಆಪಲ್ ತನ್ನ ಐಫೋನಿಗೆ ಸುತ್ತಲಿನ ಗಾಳಿ 0ರಿಂದ 35 ಡಿಗ್ರಿ ಒಳಗಿರಬೇಕು ಎಂದು ಬರೆದುಕೊಂಡಿದೆ. ನಮ್ಮಲ್ಲಿ ಆ ದಿನ 41.

ಗ್ರಾಹಕ ಸೇವೆಗೆ ಫೋನ್ ಮಾಡಿದೆ. "ಸರ್, ನೇರ ಬಿಸಿಲಲ್ಲಿ ಬಳಸಬೇಡಿ." ಬಿಸಿಲಲ್ಲೇ ನನ್ನ ಕೆಲಸ ಅಮ್ಮಾ ಎಂದೆ. "ಚಾರ್ಜ್ ಮಾಡುವಾಗ ಬಳಸಬೇಡಿ ಸರ್." ಬ್ಯಾಟರಿ ನಿಲ್ಲುವುದಿಲ್ಲವಲ್ಲ, ಅದಕ್ಕೇ ಚಾರ್ಜ್ ಮಾಡುತ್ತಾ ಬಳಸುತ್ತಿದ್ದೇನೆ ಎಂದೆ. "ನಿಮ್ಮ ಬಳಕೆ ಸ್ವಲ್ಪ ಜಾಸ್ತಿ ಇದೆ ಸರ್." ಜಾಸ್ತಿ ಇದೆ! 48,000 ಕೊಟ್ಟು ಕಪಾಟಿನಲ್ಲಿ ಇಡಬೇಕಿತ್ತಾ?

ಈಗ ನಾಚಿಕೆಯ ಭಾಗ. ಮೇ ತಿಂಗಳಲ್ಲಿ ಫೋನನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟೆ. ಟಕ್ ಎಂದು ಅಲ್ಲಾಡಿತು. ಪರದೆ ಕಡೆ ಉಬ್ಬು ಇಲ್ಲವಲ್ಲ, ಯಾಕೆ ಅಲ್ಲಾಡುತ್ತದೆ? ಎರಡು ದಿನ ಸುಮ್ನೆ ಇದ್ದೆ. ವಾಲ್ಯೂಮ್ ಗುಂಡಿ ಒತ್ತಿದರೆ ಸಿಕ್ಕಿಕೊಳ್ಳತೊಡಗಿದಾಗ ಸರ್ವಿಸ್ ಸೆಂಟರ್‌ಗೆ ಹೋದೆ.

ಕೌಂಟರಿನ ಹುಡುಗನಿಗೆ ಇಪ್ಪತ್ತಮೂರು ಇರಬಹುದು. ಮಾತಾಡದೆ ಫೋನನ್ನು ಗಾಜಿನ ಮೇಲೆ ಬೋರಲು ಹಾಕಿದ. ನನ್ನದೇ ವಿಸಿಟಿಂಗ್ ಕಾರ್ಡ್ ಇಸಿದುಕೊಂಡು ಒಂದು ಮೂಲೆಯ ಕೆಳಗೆ ತೂರಿಸಿದ. ಕಾರ್ಡ್ ಸಲೀಸಾಗಿ ಒಳಗೆ ಹೋಯಿತು. ಎರಡನೇ ಕಾರ್ಡ್ ಅದರ ಮೇಲಿಟ್ಟು ತೂರಿಸಿದ. ಅದೂ ಹೋಯಿತು. "ಬೆಂಡ್ ಆಗ್ಯಾದ ಸರ್. ಹಿಂದಿನ ಜೇಬಿನ್ಯಾಗ ಇಟ್ಟು ಕೂತಿದ್ರೇನು?"

ಇಲ್ಲ ಎಂದೆ. ಸುಳ್ಳು. ಹಳೆಯ ಫೋನಿನ ಮೇಲೆ ನಾಲ್ಕು ವರ್ಷ ಕೂತಿದ್ದೇನೆ, ಇದರ ಮೇಲೂ ಕೂತಿದ್ದೇನೆ.

"ಫಿಸಿಕಲ್ ಡ್ಯಾಮೇಜ್ ಸರ್, ವಾರಂಟಿ ಬರಂಗಿಲ್ಲ." ಜಾಹೀರಾತಿನಲ್ಲಿ ಟೈಟಾನಿಯಂ ಚೌಕಟ್ಟು, ಗಟ್ಟಿ ಎಂದಿದ್ದಿರಲ್ಲ ಎಂದೆ. "ಗಟ್ಟಿ ಅದ ಸರ್, ಆದ್ರ ತೆಳು ಅದಲ್ಲ." ಈ ಮಾತನ್ನು ಎರಡು ಸಲ ಹೇಳಿದ. ಗಟ್ಟಿ ಅದ, ಆದ್ರ ತೆಳು ಅದ. ಪರದೆ, ಚೌಕಟ್ಟು ಸೇರಿ 19,500 ಎಂದು ಚೀಟಿ ಬರೆದುಕೊಟ್ಟ.

ಅವನು ಹೇಳಿದ್ದು ಸರಿ. ಅದೇ ಉರಿ ನನಗೆ. ಡಿಪ್ಲೊಮಾದಲ್ಲಿ ಉರು ಹೊಡೆದ ಪಾಠ ಅದು: ತೊಲೆಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ದಪ್ಪ ಅರ್ಧವಾದರೆ ಬಿಗಿ ಎಂಟನೇ ಒಂದು ಭಾಗ. ಸ್ಟೀಲ್ ಸ್ಕೇಲನ್ನು ಅಡ್ಡ ಹಿಡಿದು ಬಾಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಿ ನೋಡಿ, ಗೊತ್ತಾಗುತ್ತದೆ. 8.6ರಿಂದ 5.9ಕ್ಕೆ ಇಳಿದರೆ, ಲೋಹ ಅದೇ ಇದ್ದರೆ, ಬಿಗಿ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಲೋಹ ಬದಲಿಸಿ ಸ್ವಲ್ಪ ಗಳಿಸಬಹುದು, ಪೂರ್ತಿ ಅಲ್ಲ. ಬಾಗುವ ಜಾಗವೂ ಗೊತ್ತಿರುವಂಥದ್ದೇ, ಗುಂಡಿಗೆಂದು ಚೌಕಟ್ಟನ್ನು ಕೊರೆದಿರುವ ಕಡೆ. 2014ರಲ್ಲಿ 7.1 ಮಿಲಿಮೀಟರ್‌ನ ಐಫೋನ್ 6 ಪ್ಲಸ್ ಬಾಗಿದ ಗಲಾಟೆ ನೆನಪಿದೆಯಾ? ಅಲ್ಲೂ ವಾಲ್ಯೂಮ್ ಗುಂಡಿಯ ಹತ್ತಿರವೇ. ದಿನಾ ಬಾಗಿದ ಚೇಸಿಸ್ ನೋಡಿ, "ಇದು ಓವರ್‌ಲೋಡ್, ಕ್ಲೇಮ್ ಬರಲ್ಲ" ಎಂದು ಬರೆಯುವವನು ನಾನು. ಲಾರಿ ಮಾಲೀಕರು ನನ್ನನ್ನು ಹೇಗೆ ನೋಡುತ್ತಾರೋ, ಹಾಗೇ ನಾನು ಆ ಹುಡುಗನನ್ನು ನೋಡಿದೆ.

ರಿಪೇರಿ ಮಾಡಿಸದೆ ಬಳಸಬಹುದಾ ಎಂದು ಕೇಳಿದೆ. ಅವನು ಫೋನನ್ನು ಓರೆಯಾಗಿ ಹಿಡಿದು ಅಂಚು ತೋರಿಸಿದ. ಪರದೆ ಚೌಕಟ್ಟಿನಿಂದ ಉಗುರು ಹೋಗುವಷ್ಟು ಎದ್ದಿತ್ತು. "ನೀರು ಹೋಗ್ತದ. ಒಳಗ ಬ್ಯಾಟರಿ ಒತ್ತಿದ್ರ ಅದೂ ಡೇಂಜರ್. ಉಬ್ಬಿದ ಹಂಗ ಕಂಡ್ರ ಚಾರ್ಜ್ ಹಾಕಬ್ಯಾಡ್ರಿ."

ತೆಳು ಫೋನೇ ಬೇಕು ಎನ್ನುವವರು ಅಂಗಡಿಯಲ್ಲಿ ಕ್ಯಾಮೆರಾ ಆನ್ ಮಾಡಿ ಹತ್ತು ನಿಮಿಷ ವಿಡಿಯೊ ತೆಗೆಯಿರಿ, ಬೆನ್ನು ಮುಟ್ಟಿ ನೋಡಿ. ಎಸಿ ಅಂಗಡಿಯಲ್ಲೇ ಕೈ ಸುಟ್ಟರೆ ಹೊರಗೆ ಏನಾಗುತ್ತದೋ ಯೋಚಿಸಿ. ನಿಮ್ಮ ಈಗಿನ ಫೋನಿನ ಎಂಎಎಚ್‌ಗಿಂತ ಕಡಿಮೆ ಇದ್ದರೆ ಚಿಪ್ಪಿನ ಕಥೆ ಕೇಳಬೇಡಿ. ವಾರಂಟಿ ಕಾಗದದಲ್ಲಿ ಬಾಗುವುದರ ಬಗ್ಗೆ ಏನಿದೆ ಎಂದು ಹಣ ಕೊಡುವ ಮೊದಲೇ ಓದಿ, ನನ್ನ ಹಾಗೆ ಆಮೇಲೆ ಅಲ್ಲ. ಹಿಂದಿನ ಜೇಬು ಮರೆತುಬಿಡಿ. ಆಫೀಸಿನ ಎಸಿಯಲ್ಲಿ ಕೂತು ದಿನಕ್ಕೆ ಎರಡು ಸಲ ಫೋನ್ ನೋಡುವವರಿಗೆ ಇದು ಸರಿಹೋಗಬಹುದು. ಅಂಥವರು ನನಗಂತೂ ಯಾರೂ ಗೊತ್ತಿಲ್ಲ.

ಭಾವಮೈದನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಭಾವ, ನೀವು ಅದರ ಮ್ಯಾಲೆ ಕೂತಿದ್ರಿ, ನಾ ಕೂಡಂಗಿಲ್ಲ" ಎಂದ. ಇನ್ನೂ ಹನ್ನೊಂದು ಕಂತು ಬಾಕಿ ಇದೆ. ಹಳೆಯ ಫೋನಿಗೆ 900 ರೂಪಾಯಿ ಕೊಟ್ಟು ಗಾಜು ಹಾಕಿಸಿದ್ದೇನೆ, ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ.