ಸ್ಕ್ಯಾನ್ ಮಾಡಿದ ರಸಾಯನಶಾಸ್ತ್ರದ ಕೋಷ್ಟಕವನ್ನು ಸ್ಪ್ರೆಡ್‌ಶೀಟಿಗೆ ಹಾಕುವ ಮುಂಚೆ ಇದನ್ನು ಓದಿ

ಕಳೆದ ತಿಂಗಳು ನಾನು ತಯಾರಿಸಿದ ಒಂದು ಶೀಟು, ಮೋರ್ ಟೈಟ್ರೇಷನ್‌ನಲ್ಲಿ ಕೆಂಪು ಬಣ್ಣದ ಸಿಲ್ವರ್ ಕ್ರೋಮೇಟ್ ಮೊದಲು ಬರುತ್ತದೆ, ಬಿಳಿ ಸಿಲ್ವರ್ ಕ್ಲೋರೈಡ್ ಆಮೇಲೆ ಬರುತ್ತದೆ ಎಂದು ಲೆಕ್ಕ ಕೊಟ್ಟಿತು. ಲ್ಯಾಬಿನಲ್ಲಿ ಒಮ್ಮೆಯಾದರೂ ಈ ಪ್ರಯೋಗ ಮಾಡಿದವರಿಗೆ ಗೊತ್ತು, ಆಗುವುದು ತದ್ವಿರುದ್ಧ. ಕ್ಲೋರೈಡ್ ಎಲ್ಲ ಮುಗಿದ ಮೇಲೆ ಕೆಂಪು ಕಾಣಿಸುತ್ತದೆ ಅನ್ನುವ ಕಾರಣಕ್ಕೇ ಕ್ರೋಮೇಟನ್ನು ಸೂಚಕವಾಗಿ ಹಾಕುವುದು. ಆ ಶೀಟನ್ನು ನಾನು ಅಷ್ಟರಲ್ಲಿ ನಾಲ್ಕು ಜನರಿಗೆ ಕಳಿಸಿಬಿಟ್ಟಿದ್ದೆ. ಅವರಲ್ಲಿ ಹಿರಿಯರೊಬ್ಬರು ಫೋನ್ ಮಾಡಿ, "ನಿಮ್ಮ ಕ್ರೋಮೇಟ್ ಸಾಲು ಒಂದ್ಸಲ ನೋಡಿ" ಎಂದಾಗಲೇ ನನಗೆ ಗೊತ್ತಾದದ್ದು.

ನಡೆದದ್ದು ಇಷ್ಟು. ಹಳೆಯ ಕೈಪಿಡಿಯೊಂದರ ವಿಲೇಯತಾ ಗುಣಲಬ್ಧದ ಕೋಷ್ಟಕ, ಅಂದರೆ Ksp ಪಟ್ಟಿ, ಸ್ಕ್ಯಾನ್ ರೂಪದಲ್ಲಿ ನನ್ನ ಹತ್ತಿರ ಇತ್ತು. 58 ಸಾಲು. ಓಸಿಆರ್ ಓಡಿಸಿ, ಪಠ್ಯವನ್ನು ಸ್ಪ್ರೆಡ್‌ಶೀಟಿಗೆ ಅಂಟಿಸಿ, ಹುಡುಕಿ-ಬದಲಿಸಿ ಮಾಡಿ ಒಂದು ಗಂಟೆಯಲ್ಲಿ ಮುಗಿಸಿದೆ. ಆಮೇಲೆ ಚಿತ್ರದ ಜೊತೆ ಸಾಲು ಸಾಲಾಗಿ ಹೋಲಿಸಿದಾಗ 11 ಸಾಲು ತಪ್ಪಿದ್ದವು. ಒಂದರಲ್ಲೂ ಶೀಟು ದೂರು ಹೇಳಿರಲಿಲ್ಲ.

ಮೊದಲು ಕ್ರೋಮೇಟ್ ಕಥೆ. ಅಚ್ಚಿನಲ್ಲಿ ಇದ್ದದ್ದು Ag₂CrO₄. ಹಳೆಯ ಅಚ್ಚಿನಲ್ಲಿ ಕೆಳಗಿನ ಸಣ್ಣ 2 ಎಷ್ಟು ಚಿಕ್ಕದಿರುತ್ತದೆ ಅಂದರೆ, ಓಸಿಆರ್ ಅದನ್ನು ಅಲ್ಪವಿರಾಮ ಎಂದು ಓದಿತು. ಸಿಕ್ಕಿದ್ದು `Ag,CrO4`. ಹೀಗೆ ಅಲ್ಲಲ್ಲಿ ಅಲ್ಪವಿರಾಮಗಳು ಕಂಡವು. ಸ್ಕ್ಯಾನಿನ ಕೊಳೆ ಇರಬೇಕು ಎಂದುಕೊಂಡು ಎಲ್ಲವನ್ನೂ ಒಂದೇ ಏಟಿಗೆ ಅಳಿಸಿದೆ. ಉಳಿದದ್ದು `AgCrO4`. ನೋಡಲು ಸರಿಯಾಗಿಯೇ ಕಾಣುತ್ತದೆ ಅಲ್ವಾ? ಆ ಸೂತ್ರ ನೋಡಿಕೊಂಡು ಪಕ್ಕದ ಕಾಲಮ್ಮಿನಲ್ಲಿ ಸಿಲ್ವರ್ ಅಯಾನುಗಳ ಸಂಖ್ಯೆ 1 ಎಂದು ತುಂಬಿಸಿದೆ.

ಈಗ ಲೆಕ್ಕ ನೋಡಿ. ದ್ರಾವಣದಲ್ಲಿ ಕ್ಲೋರೈಡ್ 0.1 M, ಕ್ರೋಮೇಟ್ 0.005 M ಇದೆ ಎಂದುಕೊಳ್ಳಿ. ಸಿಲ್ವರ್ ಕ್ಲೋರೈಡಿನ Ksp 1.8×10⁻¹⁰. ಹಾಗಾಗಿ ಅದು ಬೀಳಲು ಬೇಕಾದ ಸಿಲ್ವರ್ 1.8×10⁻⁹ M. ಸಿಲ್ವರ್ ಕ್ರೋಮೇಟಿನ Ksp 1.1×10⁻¹². ಅದನ್ನು 0.005ರಿಂದ ಭಾಗಿಸಿದರೆ 2.2×10⁻¹⁰ ಬರುತ್ತದೆ. ಸೂತ್ರದಲ್ಲಿ ಆ 2 ಇದ್ದರೆ ಇದು ಸಿಲ್ವರ್ ಸಾಂದ್ರತೆಯ ವರ್ಗ. ವರ್ಗಮೂಲ ತೆಗೆದರೆ ಸುಮಾರು 1.5×10⁻⁵ M. ಅಂದರೆ ಕ್ಲೋರೈಡಿಗಿಂತ ಬಹಳ ಜಾಸ್ತಿ ಸಿಲ್ವರ್ ಬೇಕು, ಕ್ರೋಮೇಟ್ ಕೊನೆಗೆ ಬೀಳುತ್ತದೆ. ಆ 2 ಇಲ್ಲದ ನನ್ನ ಶೀಟು ವರ್ಗಮೂಲ ತೆಗೆಯಲೇ ಇಲ್ಲ. 2.2×10⁻¹⁰ ಎಂದೇ ಇಟ್ಟುಕೊಂಡಿತು. ಅದು 1.8×10⁻⁹ಕ್ಕಿಂತ ಕಡಿಮೆ. ಅಲ್ಲಿಗೆ ಕ್ರೋಮೇಟ್ ಮೊದಲಾಯಿತು. Ksp ಸಂಖ್ಯೆಗಳು ಎರಡೂ ಸರಿಯಾಗಿದ್ದವು. ಕಳೆದುಹೋದದ್ದು ಒಂದು ಸಣ್ಣ ಅಂಕಿ ಮಾತ್ರ.

ಎರಡನೆಯದು ಘಾತ. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಇಲ್ಲಿ ಸ್ಪ್ರೆಡ್‌ಶೀಟೇ ತಪ್ಪಿಗೆ ಕೈ ಜೋಡಿಸುತ್ತದೆ. ಅಚ್ಚಿನ 10⁻¹⁰ ಓಸಿಆರ್‌ನಿಂದ ಒಂದೇ ಥರ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಮೂರು ಥರ ಬಂದಿತ್ತು. ಕೆಲವು ಕಡೆ ಸಾಮಾನ್ಯ ಹೈಫನ್ನಿನೊಂದಿಗೆ `1.8 × 10-10`. ಕೆಲವು ಕಡೆ ಹೈಫನ್ ಜಾಗದಲ್ಲಿ ಗಣಿತದ ನಿಜವಾದ ಋಣ ಚಿಹ್ನೆ. ಇನ್ನು ಕೆಲವು ಕಡೆ ಆ ಗೆರೆಯೇ ಮಾಯವಾಗಿ `1.8 × 1010`. ನಾನು ಎಲ್ಲ ಕಡೆ ` × 10` ಅನ್ನು `E` ಎಂದು ಬದಲಿಸಿದೆ. ಮೊದಲನೆಯದು `1.8E-10` ಆಗಿ ಸರಿಯಾದ ಸಂಖ್ಯೆಯಾಯಿತು. ಎರಡನೆಯದು ನೋಡಲು ಹಾಗೆಯೇ ಇದ್ದರೂ ಪಠ್ಯವಾಗಿಯೇ ಉಳಿಯಿತು. `SUM`, `MIN`, `AVERAGE` ಇಂಥ ಸೆಲ್ಲುಗಳನ್ನು ಸುಮ್ನೆ ದಾಟಿ ಹೋಗುತ್ತವೆ, ಯಾವ ದೋಷವನ್ನೂ ತೋರಿಸುವುದಿಲ್ಲ. ಮೂರನೆಯದು `1.8E10` ಆಯಿತು, ಅಂದರೆ ಸಾವಿರದ ಎಂಟುನೂರು ಕೋಟಿ. ಶೀಟಿನ ಕಣ್ಣಿಗೆ ಅದೂ ಒಳ್ಳೆಯ ಸಂಖ್ಯೆಯೇ.

ಇವನ್ನು ಹಿಡಿಯಲು ನಾನು ಈಗ ಮಾಡುವುದು ಹೀಗೆ. ಸಂಖ್ಯೆಗಳು D ಕಾಲಮ್ಮಿನಲ್ಲಿವೆ ಎಂದರೆ:

```
=COUNTA(D2:D59)-COUNT(D2:D59)
=COUNTIF(D2:D59,">=1")
=VALUE(SUBSTITUTE(D2,UNICHAR(8722),"-"))
```

ಮೊದಲ ಸಾಲು, ಸಂಖ್ಯೆಯ ವೇಷದಲ್ಲಿರುವ ಪಠ್ಯ ಎಷ್ಟಿದೆ ಎಂದು ಹೇಳುತ್ತದೆ. ಉತ್ತರ 0 ಬರಬೇಕು. ಎರಡನೆಯದು ಗೆರೆ ಕಳೆದುಕೊಂಡ ಘಾತಗಳನ್ನು ಹಿಡಿಯುತ್ತದೆ, ಏಕೆಂದರೆ ಕಡಿಮೆ ಕರಗುವ ಲವಣಗಳ ಇಂಥ ಪಟ್ಟಿಯಲ್ಲಿ Ksp 1ಕ್ಕಿಂತ ಚಿಕ್ಕದೇ ಇರಬೇಕು. ಮೂರನೆಯದು ಗಣಿತದ ಋಣ ಚಿಹ್ನೆಯನ್ನು ಹೈಫನ್ ಮಾಡಿ, ಆ ಪಠ್ಯವನ್ನು ಸಂಖ್ಯೆಯಾಗಿಸುತ್ತದೆ. ಅದರ ಯೂನಿಕೋಡ್ ಸಂಖ್ಯೆ 8722. ಕೆಲವು ಸ್ಕ್ಯಾನುಗಳಲ್ಲಿ ಅದರ ಬದಲು ಎನ್ ಡ್ಯಾಶ್ ಬರುತ್ತದೆ, ಅದರದು 8211.

ಆದರೆ 10⁻¹² ಎಂಬುದು 10⁻¹ ಆಗಿ ಬಂದರೆ ಈ ಯಾವ ಸೂತ್ರವೂ ಹಿಡಿಯುವುದಿಲ್ಲ. ಅದಕ್ಕೆ ಕಣ್ಣೇ ಗತಿ. ಹಾಗಾಗಿ ನಾನು ಈಗ ಘಾತವನ್ನು ಓಸಿಆರ್ ಕೈಗೆ ಬಿಡುವುದೇ ಇಲ್ಲ. ಒಂದು ಕಾಲಮ್ಮಿನಲ್ಲಿ 1.8, ಪಕ್ಕದ ಕಾಲಮ್ಮಿನಲ್ಲಿ -10 ಎಂದು ಚಿತ್ರ ನೋಡಿಕೊಂಡು ಕೈಯಿಂದ ಟೈಪ್ ಮಾಡುತ್ತೇನೆ. ಮೂರನೆಯ ಕಾಲಮ್ಮಿನಲ್ಲಿ `=B2*10^C2`. ಘಾತಗಳು ಮಾತ್ರ ಒಂದರ ಕೆಳಗೊಂದು ಕಂಡಾಗ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. 58 ಸಾಲಿಗೆ ಇಪ್ಪತ್ತು ನಿಮಿಷ ಸಾಕಾಯಿತು.

ಇನ್ನೊಂದು ಮಾತು. ಸೆಲ್ಲಿನೊಳಗೆ ಅಕ್ಷರಗಳನ್ನು ಆಯ್ದು ಮೇಲಕ್ಕೋ ಕೆಳಕ್ಕೋ ಸಣ್ಣದಾಗಿಸುವ ಸೌಲಭ್ಯ ಇದೆ ಅಲ್ವಾ, ದಯವಿಟ್ಟು ಅದನ್ನು ನಂಬಬೇಡಿ. ಅದು ಬರೀ ಬಣ್ಣ ಬಳಿದ ಹಾಗೆ. ಸೆಲ್ಲಿನೊಳಗೆ ನಿಜವಾಗಿ ಇರುವುದು `10-10` ಮಾತ್ರ. ಸಿಎಸ್‌ವಿ ಮಾಡಿದ ಕ್ಷಣ ಆ ಅಲಂಕಾರ ಉದುರಿಹೋಗುತ್ತದೆ. ಆ ಫೈಲನ್ನು ಮತ್ತೆ ತೆರೆದಾಗ ಒಂಟಿಯಾಗಿ ನಿಂತ `10-10` ಅಕ್ಟೋಬರ್ ಹತ್ತನೇ ತಾರೀಖು ಆಗಿಬಿಡಬಹುದು. ಅಂಟಿಸುವಾಗಲೂ ಹೀಗೇ ಆಗಬಹುದು, ಅದಕ್ಕೇ ಅಂಟಿಸುವ ಮುಂಚೆಯೇ ಆ ಕಾಲಮ್ಮನ್ನು ಪಠ್ಯ ಮಾದರಿಗೆ ಬದಲಿಸಿಕೊಳ್ಳಿ. ಅಂಟಿಸಿದ ಮೇಲೆ ಬದಲಿಸಿದರೆ ತಾರೀಖು ಹಳೆಯ ರೂಪಕ್ಕೆ ಮರಳುವುದಿಲ್ಲ, ಇನ್ನೇನೋ ಐದಂಕಿಯ ಸಂಖ್ಯೆ ಕಾಣುತ್ತದೆ.

ಮೂರನೆಯ ಪೆಟ್ಟು ಗ್ರೀಕ್ ಅಕ್ಷರಗಳಿಂದ ಬಿತ್ತು. ನಿಕಲ್ ಸಲ್ಫೈಡಿಗೆ ಆ ಕೈಪಿಡಿಯಲ್ಲಿ ಮೂರು ಸಾಲುಗಳಿದ್ದವು. α ರೂಪಕ್ಕೆ 3.2×10⁻¹⁹, β ರೂಪಕ್ಕೆ 1.0×10⁻²⁴, γ ರೂಪಕ್ಕೆ 2.0×10⁻²⁶. ಓಸಿಆರ್ ಕೊಟ್ಟದ್ದು `NiS (a)`, `NiS (B)`, `NiS (y)`. ಯಾವುದೋ ಅಡಿಟಿಪ್ಪಣಿಯ ಗುರುತು ಎಂದುಕೊಂಡು ಆವರಣಗಳನ್ನೆಲ್ಲ ತೆಗೆದುಹಾಕಿದೆ. ಆಗ `NiS` ಮೂರು ಸಲ ಉಳಿಯಿತು. ಸೂತ್ರದ ಕಾಲಮ್ ಆಯ್ದು ನಕಲಿ ಸಾಲು ತೆಗೆಯುವ ಗುಂಡಿ ಒತ್ತಿದೆ, ಮೊದಲನೆಯದು ಮಾತ್ರ ಉಳಿಯಿತು. γ ರೂಪಕ್ಕೂ ಅದಕ್ಕೂ ಇರುವ ಅಂತರ ಒಂದು ಕೋಟಿ ಅರವತ್ತು ಲಕ್ಷ ಪಟ್ಟು.

ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರಗಳನ್ನು `UNICODE` ಸೂತ್ರದಿಂದ ಬೇರೆ ಮಾಡಬಹುದು. α ಕೊಟ್ಟರೆ 945 ಬರಬೇಕು, 97 ಬಂದರೆ ಅದು ಇಂಗ್ಲಿಷ್ a. β ಆದರೆ 946. 223 ಬಂದರೆ ಅದು ಜರ್ಮನ್ ß, ಓಸಿಆರ್ ಇದನ್ನು ಆಗಾಗ ತುರುಕುತ್ತದೆ. ಮೈಕ್ರೊ ಗುರುತು ಇನ್ನೂ ತಲೆನೋವು. ಗ್ರೀಕ್ ಮ್ಯೂ 956, ಮೈಕ್ರೊ ಎಂದೇ ಇರುವ ಬೇರೆ ಚಿಹ್ನೆ 181, ಎರಡೂ ತೆರೆಯ ಮೇಲೆ ಒಂದೇ. ಒಂದನ್ನು ಆರಿಸಿಕೊಂಡು ಇಡೀ ಶೀಟಿನಲ್ಲಿ ಅದನ್ನೇ ಇಡಿ. ನಾನು ರೂಪದ ಹೆಸರಿಗೆ ಬೇರೆ ಕಾಲಮ್ ಮಾಡಿ alpha, beta, gamma ಎಂದು ಬಿಡಿಸಿ ಬರೆಯುತ್ತಿದ್ದೇನೆ. ಅಂದ ಸ್ವಲ್ಪ ಕಡಿಮೆ, ಆದರೆ ಯಾವ ಫೈಲಿನಲ್ಲೂ ಕೆಡುವುದಿಲ್ಲ.

ಸೂತ್ರಗಳಿಗೆ ಮಾತ್ರ ನಿಜವಾದ ಸಬ್‌ಸ್ಕ್ರಿಪ್ಟ್ ಅಕ್ಷರಗಳನ್ನೇ ಇಡುತ್ತೇನೆ. ₀ಯಿಂದ ₉ರವರೆಗೆ ಯೂನಿಕೋಡಿನಲ್ಲಿ ಬೇರೆಯೇ ಅಕ್ಷರಗಳಿವೆ, ಅವು ಅಲಂಕಾರವಲ್ಲ, ಸೆಲ್ಲಿನ ಒಳಗೇ ಉಳಿಯುತ್ತವೆ. ಹುಡುಕಲು ಬೇಕಾದ `Ag2CrO4` ಎಂಬ ಸಾದಾ ರೂಪವನ್ನು ಅದರಿಂದ ಪಡೆಯಬಹುದು. ಉಲ್ಟಾ ಮಾಡಲು ಹೋಗಬೇಡಿ. CaSO₄·2H₂Oದಲ್ಲಿ ಚುಕ್ಕೆಯ ಪಕ್ಕದ 2 ದೊಡ್ಡದಾಗಿಯೇ ಇರಬೇಕು, ಎಲ್ಲ ಅಂಕಿಗಳನ್ನೂ ಕೆಳಗಿಳಿಸುವ ಸೂತ್ರಕ್ಕೆ ಅದು ತಿಳಿಯುವುದಿಲ್ಲ. ಅಯಾನುಗಳಲ್ಲಿ ಸಾದಾ ರೂಪವೂ ಅಪಾಯ. SO₄²⁻ ಚಪ್ಪಟೆಯಾದರೆ `SO42-`, ನಲವತ್ತೆರಡು ಆಕ್ಸಿಜನ್ ಇದ್ದ ಹಾಗೆ. ಅದನ್ನು `SO4^2-` ಎಂದು ಬರೆಯಿರಿ.

ಕಳಿಸುವಾಗ ಎರಡು ಕಡೆ ನೋಡಿ. ಉಳಿಸುವ ಪಟ್ಟಿಯಲ್ಲಿ `CSV UTF-8` ಅನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ₂ ಇದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಕೂರಬಹುದು, ಆಮೇಲೆ ಅದನ್ನು ವಾಪಸ್ ತರಲು ಆಗುವುದಿಲ್ಲ. ತೆರೆದಾಗ α ಜಾಗದಲ್ಲಿ `Î±` ಕಂಡರೆ ಗಾಬರಿ ಬೇಡ. ಫೈಲು ಸರಿ ಇದೆ, ತೆರೆದ ರೀತಿ ತಪ್ಪು. ಮುಚ್ಚಿ, ಉಳಿಸದೆ, ಆಮದು ಮಾಡುವಾಗ UTF-8 ಎಂದು ಹೇಳಿ ತೆರೆಯಿರಿ. ಎರಡನೆಯದು, ಸಿಎಸ್‌ವಿಗೆ ಸಾಮಾನ್ಯವಾಗಿ ಹೋಗುವುದು ತೆರೆಯ ಮೇಲೆ ಕಾಣುವ ರೂಪ. ಕಾಲಮ್ ಎರಡು ದಶಮಾಂಶದ ಮಾದರಿಯಲ್ಲಿದ್ದರೆ 1.8×10⁻¹⁰ ಫೈಲಿನಲ್ಲಿ `0.00` ಆಗುತ್ತದೆ. ವೈಜ್ಞಾನಿಕ ಮಾದರಿಗೆ ಬದಲಿಸಿ, ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಒಮ್ಮೆ ತೆರೆದು ನೋಡಿ.

ನಾಲ್ಕೂ ಜನರಿಗೆ ತಿದ್ದಿದ ಶೀಟು ಕಳಿಸಿದ್ದೇನೆ, ಹಳೆಯದನ್ನು ಅಳಿಸಲು ಕೇಳಿಕೊಂಡಿದ್ದೇನೆ. ಅದು ಅವರಿಂದ ಇನ್ನೊಬ್ಬರಿಗೆ ಹೋಗಿರಬಹುದು ಎಂಬ ಭಯ ಇನ್ನೂ ಇದೆ. 58 ಸಾಲುಗಳ ಬದಲು 56 ಇರುವ, `NiS` ಒಂದೇ ಸಲ ಬರುವ, `AgCrO4` ಎಂದು ಬರೆದಿರುವ Ksp ಪಟ್ಟಿ ನಿಮ್ಮ ಕೈಗೆ ಬಂದಿದ್ದರೆ, ಅದು ನನ್ನದು. ದಯವಿಟ್ಟು ಬಳಸಬೇಡಿ.